ಬೆಲೆ ಮೊದಲು, ವಿನ್ಯಾಸ ಆಮೇಲೆ: ಒಂದು ಕೆಟಲ್ ಇಟ್ಟುಕೊಂಡು ಟಾರ್ಗೆಟ್ ಕಾಸ್ಟಿಂಗ್ ಮಾಡುವ ವಿಧಾನ

ಹೆಚ್ಚಿನ ಕಾರ್ಖಾನೆಗಳಲ್ಲಿ ಹೊಸ ಉತ್ಪನ್ನ ಹುಟ್ಟುವುದು ಹೀಗೆ. ಎಂಜಿನಿಯರುಗಳು ವಿನ್ಯಾಸ ಮಾಡುತ್ತಾರೆ. ಖರೀದಿ ವಿಭಾಗ ಬಿಡಿಭಾಗಗಳಿಗೆ ಕೊಟೇಶನ್ ತರಿಸುತ್ತದೆ. ಲೆಕ್ಕದವರು ಎಲ್ಲ ಕೂಡಿಸಿ ಅಸಲು ಇಷ್ಟು ಅನ್ನುತ್ತಾರೆ. ಅದರ ಮೇಲೆ ಲಾಭ ಸೇರಿಸಿದರೆ ಬೆಲೆ ಸಿದ್ಧ. ಆಮೇಲೆ ಮಾರಾಟದವರು ಬಂದು, ಈ ಬೆಲೆಗೆ ಯಾರೂ ಕೊಳ್ಳುವುದಿಲ್ಲ ಅನ್ನುತ್ತಾರೆ. ಆ ಹೊತ್ತಿಗೆ ಅಚ್ಚುಗಳು ತಯಾರಾಗಿರುತ್ತವೆ, ಸಪ್ಲೈಯರುಗಳಿಗೆ ಮಾತು ಕೊಟ್ಟಾಗಿರುತ್ತದೆ. ಇಳಿಸಲು ಉಳಿದಿರುವುದು ಲಾಭ ಒಂದೇ.

ಟಾರ್ಗೆಟ್ ಕಾಸ್ಟಿಂಗ್ ಈ ಲೆಕ್ಕವನ್ನು ತಿರುಗಿಸಿ ಹಾಕುತ್ತದೆ. ಗ್ರಾಹಕ ಎಷ್ಟು ಕೊಡಲು ಒಪ್ಪುತ್ತಾನೆ ಅನ್ನುವುದರಿಂದ ಶುರು ಮಾಡಿ, ಕಂಪನಿಗೆ ಬೇಕಾದ ಲಾಭವನ್ನು ಅದರಲ್ಲಿ ಕಳೆದು, ಉಳಿದ ಹಣದಲ್ಲಿ ಆಗುವಂಥ ವಿನ್ಯಾಸವನ್ನು ಹುಡುಕುವುದು. 1960ರ ದಶಕದಲ್ಲಿ ಜಪಾನಿನ ಟೊಯೋಟಾ ಇದನ್ನು ಕ್ರಮಬದ್ಧವಾಗಿ ಬೆಳೆಸಿತು. ಅಲ್ಲಿ ಇದಕ್ಕೆ ಗೆಂಕಾ ಕಿಕಾಕು ಅನ್ನುತ್ತಾರೆ, ಅಂದರೆ ವೆಚ್ಚದ ಯೋಜನೆ. ಹೆಸರಲ್ಲೇ ವಿಷಯ ಇದೆ. ಇದು ಖರ್ಚಾದ ಮೇಲೆ ಬರೆದಿಡುವ ಲೆಕ್ಕ ಅಲ್ಲ, ಖರ್ಚಾಗುವ ಮೊದಲು ಮಾಡುವ ಯೋಜನೆ. ಒಂದು ವಸ್ತುವಿನ ಖರ್ಚಿನ ಬಹುಪಾಲು ನಕ್ಷೆಯ ಹಂತದಲ್ಲೇ ತೀರ್ಮಾನ ಆಗಿಬಿಡುತ್ತದೆ. ಎಷ್ಟು ಭಾಗ, ಯಾವ ಲೋಹ, ಎಷ್ಟು ಸ್ಕ್ರೂ, ಯಾವ ಪಾಲಿಶ್ ಅಂತ ಒಮ್ಮೆ ಬರೆದಾದ ಮೇಲೆ ಶಾಪ್ ಫ್ಲೋರಿನಲ್ಲಿ ಉಳಿಸಲು ಸಿಗುವುದು ಸ್ವಲ್ಪವೇ.

ಕ್ರಮವನ್ನು ಒಂದೇ ಉದಾಹರಣೆಯಲ್ಲಿ ಕೊನೆತನಕ ನೋಡೋಣ. ವಸ್ತು: 1.5 ಲೀಟರಿನ ಸ್ಟೀಲ್ ಎಲೆಕ್ಟ್ರಿಕ್ ಕೆಟಲ್. ಲೆಕ್ಕ ಸುಲಭವಾಗಲಿ ಅಂತ ನಾನು ಯಾವುದೇ ದೇಶದ ಹಣ ಬಳಸುತ್ತಿಲ್ಲ. ಅಂಗಡಿಯಲ್ಲಿ ಗ್ರಾಹಕ ಕೊಡುವ ಬೆಲೆಯನ್ನು 1000 ಅಂಕ ಅಂತ ಇಟ್ಟುಕೊಂಡು, ಉಳಿದದ್ದನ್ನೆಲ್ಲ ಅದೇ ಅಳತೆಯಲ್ಲಿ ಹೇಳುತ್ತೇನೆ. ಅಂಕಿಗಳು ವಿಧಾನ ತೋರಿಸಲು ನಾನೇ ಹಾಕಿಕೊಂಡವು.

ಹಂತ 1: ಆ 1000 ಎಲ್ಲಿಂದ ಬರಬೇಕು

ಎಷ್ಟು ಕೊಡುತ್ತೀರಿ ಅಂತ ಗ್ರಾಹಕರನ್ನು ನೇರವಾಗಿ ಕೇಳಿದರೆ ಸಿಗುವ ಉತ್ತರವನ್ನು ನಂಬುವುದು ಕಷ್ಟ. ಕೆಲವರು ಚೌಕಾಸಿಗೆ ಇಳಿದು ಕಡಿಮೆ ಹೇಳುತ್ತಾರೆ. ಕೆಲವರು ಕೇಳಿದವರಿಗೆ ಬೇಜಾರಾಗಬಾರದು ಅಂತ ಜಾಸ್ತಿ ಹೇಳುತ್ತಾರೆ. ಅದಕ್ಕಿಂತ ಗಟ್ಟಿಯಾದ ದಾರಿ, ಗ್ರಾಹಕ ಇವತ್ತು ನಿಜವಾಗಿ ದುಡ್ಡು ಕೊಟ್ಟು ಒಯ್ಯುತ್ತಿರುವ ವಸ್ತುವಿನಿಂದ ಶುರು ಮಾಡುವುದು.

ನಮ್ಮ ಕೆಟಲಿಗೆ ಹತ್ತಿರದ ಪ್ರತಿಸ್ಪರ್ಧಿ 950ಕ್ಕೆ ಚೆನ್ನಾಗಿ ಮಾರಾಟವಾಗುತ್ತಿದೆ ಅಂದುಕೊಳ್ಳಿ. ಅದನ್ನು ಬಳಸುವವರ ದೊಡ್ಡ ದೂರು ಮುಚ್ಚಳದ ಬಗ್ಗೆ: ತೆರೆಯುವಾಗ ಬಿಸಿ ಹಬೆ ಕೈಗೆ ಬಡಿಯುತ್ತದೆ. ನಮ್ಮದರಲ್ಲಿ ಗುಂಡಿ ಒತ್ತಿದರೆ ಮುಚ್ಚಳ ನಿಧಾನವಾಗಿ, ಕೈಯಿಂದ ಆಚೆಗೆ ತೆರೆಯುತ್ತದೆ. ಎರಡೂ ಮಾದರಿಗಳನ್ನು ಬೇರೆ ಬೇರೆ ಬೆಲೆ ಚೀಟಿ ಅಂಟಿಸಿ ಅಕ್ಕಪಕ್ಕ ಇಟ್ಟು, ಯಾವುದನ್ನು ಒಯ್ಯುತ್ತೀರಿ ಅಂತ ಕೇಳಿದಾಗ, ಈ ಮುಚ್ಚಳಕ್ಕೆ ಜನ ಸುಮಾರು 80 ಜಾಸ್ತಿ ಕೊಡುತ್ತಾರೆ ಅಂತ ತಿಳಿಯಿತು. ನಮ್ಮ ಹೆಸರು ಅಷ್ಟು ಪರಿಚಿತವಲ್ಲದ ಕಾರಣ 30 ಕಡಿಮೆ. ಹಾಗಾಗಿ 950ಕ್ಕೆ 80 ಸೇರಿಸಿ 30 ಕಳೆದರೆ 1000.

ಈ ಕೂಡು-ಕಳೆಯನ್ನು ಬರೆದಿಟ್ಟುಕೊಳ್ಳಿ. ನಮ್ಮ ಬೆಲೆ ಆ ಮುಚ್ಚಳದ ಮೇಲೆ ನಿಂತಿದೆ ಅನ್ನುವುದು ಅದರಲ್ಲಿ ಕಾಣುತ್ತದೆ. ಮುಂದೆ ಯಾರಾದರೂ ಖರ್ಚು ಉಳಿಸಲು ಮುಚ್ಚಳವನ್ನು ಹಳೇ ಥರ ಮಾಡೋಣ ಅಂದರೆ, ಅದರ ಜೊತೆ 80 ಬೆಲೆಯೂ ಹೋಗುತ್ತದೆ ಅಂತ ತಕ್ಷಣ ತೋರಿಸಬಹುದು.

ಬೆಲೆಯ ಜೊತೆ ಸಂಖ್ಯೆಯೂ ಬೇಕು. ಈ ಬೆಲೆಗೆ, ಈ ಮಾದರಿ ಮಾರುಕಟ್ಟೆಯಲ್ಲಿ ಇರುವಷ್ಟು ಕಾಲ ಎಷ್ಟು ಮಾರಾಟ ಆಗಬಹುದು? 4 ವರ್ಷಕ್ಕೆ 1,00,000 ಅಂತ ಇಟ್ಟುಕೊಳ್ಳೋಣ. ಅಚ್ಚಿನ ಖರ್ಚನ್ನು ಹಂಚುವುದು ಈ ಸಂಖ್ಯೆಯ ಮೇಲೆ. ಇದನ್ನು ಹೇಳಿದವರು ಯಾರು, ಯಾವ ಆಧಾರದ ಮೇಲೆ ಹೇಳಿದರು ಅನ್ನುವುದೂ ದಾಖಲೆಯಲ್ಲಿ ಇರಲಿ.

ಹಂತ 2: ಅಂಗಡಿ ಬೆಲೆಯಿಂದ ಕಾರ್ಖಾನೆಯ ಬಾಗಿಲಿಗೆ

ಹೊಸದಾಗಿ ಈ ಲೆಕ್ಕ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲಿ. 1000ದಲ್ಲಿ ಲಾಭ ಕಳೆದು, ಉಳಿದದ್ದರಲ್ಲಿ ಕೆಟಲ್ ಮಾಡಬಹುದು ಅಂದುಕೊಳ್ಳುತ್ತಾರೆ. ಆದರೆ 1000 ಕಾರ್ಖಾನೆಗೆ ಬರುವುದೇ ಇಲ್ಲ, ಅಲ್ವಾ? ತೆರಿಗೆಗೆ 130, ಡೀಲರ್ ಮತ್ತು ಅಂಗಡಿಯವರ ಪಾಲಿಗೆ 270 ಅಂತ ಹೋದರೆ ಕಂಪನಿಯ ಕೈಗೆ ಬರುವುದು 600.

ಈಗ ಲಾಭ. ಎಷ್ಟು ಲಾಭ ಬೇಕು ಅನ್ನುವುದು ಕಂಪನಿಯ ಹಲವು ವರ್ಷದ ಹಣಕಾಸು ಯೋಜನೆಯಿಂದ ಬರಬೇಕು. ಈ ಶ್ರೇಣಿಯ ಉತ್ಪನ್ನಗಳಿಂದ ಮಾರಾಟದ 15 ಶೇಕಡಾ ಬೇಕು ಅಂತ ಇದ್ದರೆ, 600ಕ್ಕೆ 90. ಈ 90ನ್ನು ಕೊನೆಗೆ ಏನಾದರೂ ಉಳಿದರೆ ನೋಡೋಣ ಅಂತ ಬಿಡಬಾರದು. ತೆರಿಗೆ ಹೇಗೆ ಮೊದಲೇ ಹೋಗುತ್ತದೋ ಹಾಗೆ ಇದನ್ನೂ ಮೊದಲೇ ತೆಗೆದಿಡಬೇಕು. ಉಳಿದದ್ದು 510.

ಈ 510ರಲ್ಲಿ ಸಾಗಣೆ, ಜಾಹೀರಾತು, ವಾರಂಟಿಯಲ್ಲಿ ಬದಲಿಸಿ ಕೊಡುವುದು, ಆಫೀಸಿನ ಖರ್ಚು ಎಲ್ಲ ಬರಬೇಕು. ಅದಕ್ಕೆ 110. ಹಾಗಾಗಿ ಕೆಟಲ್ ತಯಾರಿಸಲು, ಅದರ ಅಚ್ಚು ಮತ್ತು ವಿನ್ಯಾಸದ ಖರ್ಚೂ ಸೇರಿ, ಸಿಗುವುದು 400. ಇದೇ ಅನುಮತಿಸಬಹುದಾದ ವೆಚ್ಚ. ಅಂಗಡಿಯ 1000ದಲ್ಲಿ ನಮ್ಮ ಎಂಜಿನಿಯರ್ ಕೈಗೆ ಬಂದದ್ದು ಬರೀ 400.

ಇನ್ನೊಂದು ಮಾತು. ಈ 400ರ ಒಳಗೆ ಏನೇನು ಸೇರಿದೆ, ಏನು ಸೇರಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದು, ವಿನ್ಯಾಸ, ಖರೀದಿ, ಲೆಕ್ಕ, ಮಾರಾಟ ಎಲ್ಲರ ಸಹಿ ಹಾಕಿಸಿ. ಅಚ್ಚಿನ ಖರ್ಚು ಇದರೊಳಗೆ ಇಲ್ಲ ಅಂತ ವಿನ್ಯಾಸದವರೂ, ಇದೆ ಅಂತ ಲೆಕ್ಕದವರೂ ಅಂದುಕೊಂಡು ತಿಂಗಳುಗಟ್ಟಲೆ ಕೆಲಸ ಮಾಡಿದರೆ, ಕೊನೆಯಲ್ಲಿ ಎರಡು ಬೇರೆ ಬೇರೆ ಕೆಟಲ್‌ಗಳ ಲೆಕ್ಕ ಮೇಜಿನ ಮೇಲಿರುತ್ತದೆ.

ಹಂತ 3: ಇವತ್ತಿನ ರೀತಿಯಲ್ಲೇ ಮಾಡಿದರೆ ಎಷ್ಟಾಗುತ್ತದೆ

ಮುಂದಿನ ಕೆಲಸ, ಹೊಸ ಉಪಾಯ ಏನೂ ಇಲ್ಲದೆ, ಈಗ ಗೊತ್ತಿರುವ ಭಾಗಗಳು, ಈಗಿರುವ ಸಪ್ಲೈಯರುಗಳು, ಈಗಿನ ಜೋಡಣೆ ಕ್ರಮದಲ್ಲಿ ಈ ಕೆಟಲ್ ಮಾಡಿದರೆ ಎಷ್ಟು ಖರ್ಚು ಅಂತ ಅಂದಾಜಿಸುವುದು. ನಮ್ಮ ಅಂದಾಜು ಹೀಗೆ ಬಂತು:

| ಭಾಗ | ಇವತ್ತಿನ ಅಂದಾಜು |
|---|---|
| ಬಾಡಿ ಮತ್ತು ಹಿಡಿ | 120 |
| ಹೀಟರ್ ಪ್ಲೇಟ್ | 75 |
| ಕಂಟ್ರೋಲ್ (ತಾನಾಗಿ ಆಫ್ ಆಗುವ ಸ್ವಿಚ್, ನೀರಿಲ್ಲದೆ ಕಾಯದಂತೆ ತಡೆ) | 60 |
| ಕೆಳಗಿನ ಬೇಸ್ ಮತ್ತು ಕನೆಕ್ಟರ್ | 65 |
| ವೈರ್ ಮತ್ತು ಪ್ಲಗ್ | 35 |
| ಮುಚ್ಚಳ | 40 |
| ಪ್ಯಾಕಿಂಗ್ | 25 |
| ಜೋಡಣೆ ಮತ್ತು ಪರೀಕ್ಷೆ | 40 |
| ಅಚ್ಚು ಮತ್ತು ವಿನ್ಯಾಸ ಖರ್ಚಿನ ಪಾಲು | 40 |
| ಒಟ್ಟು | 500 |

400 ಬೇಕು, 500 ಇದೆ. ಅಂತರ 100.

ಈ ಅಂದಾಜು ಪ್ರಾಮಾಣಿಕವಾಗಿರಬೇಕು. ಹೇಗೂ ಮುಂದೆ ಇಳಿಸು ಅನ್ನುತ್ತಾರೆ ಅಂತ ಕೆಲವರು ಮೊದಲೇ ಉಬ್ಬಿಸಿ ಬರೆಯುತ್ತಾರೆ. ಅದನ್ನು ಹಿಡಿಯುವ ದಾರಿ ಸರಳ. ಈಗ ತಯಾರಾಗುತ್ತಿರುವ ಹಳೆಯ ಕೆಟಲಿನ ನಿಜವಾದ ಖರ್ಚನ್ನು ಪಕ್ಕದಲ್ಲಿಟ್ಟು, ಪ್ರತಿ ಸಾಲಿನಲ್ಲಿ ಯಾಕೆ ಜಾಸ್ತಿ ಅಂತ ಕೇಳಿ. ವ್ಯತ್ಯಾಸಕ್ಕೆ ಇಂಥ ವಸ್ತು, ಇಷ್ಟು ಗ್ರಾಂ, ಇಷ್ಟು ನಿಮಿಷ ಅಂತ ಕಾರಣ ಸಿಗಬೇಕು. ಸಿಗದಿದ್ದರೆ ಅದು ಉಬ್ಬು.

ಹಂತ 4: ಅಂತರವನ್ನು ಎಲ್ಲಿ ಹುಡುಕಬೇಕು

ಎಲ್ಲರೂ 20 ಶೇಕಡಾ ಇಳಿಸಿ ಅಂತ ಆದೇಶ ಹೊರಡಿಸುವುದು ಸುಲಭ. ನ್ಯಾಯವಾಗಿಯೂ ಕಾಣುತ್ತದೆ. ಆದರೆ ಹಾಗೆ ಮಾಡಿದರೆ ನಮ್ಮ ಬೆಲೆಯನ್ನು ಹೊತ್ತಿರುವ ಮುಚ್ಚಳವೂ 40ರಿಂದ 32ಕ್ಕೆ ಇಳಿಯುತ್ತದೆ. ಗ್ರಾಹಕನಿಗೆ ಬೇಕಾದದ್ದನ್ನೂ ಬೇಡದ್ದನ್ನೂ ಒಂದೇ ಕತ್ತರಿಯಲ್ಲಿ ಕತ್ತರಿಸಿದ ಹಾಗೆ.

ಇದಕ್ಕೆ ಉಪಯೋಗಕ್ಕೆ ಬರುವುದು ವ್ಯಾಲ್ಯೂ ಎಂಜಿನಿಯರಿಂಗ್. ಇದರ ಮೂಲ 1940ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಲಾರೆನ್ಸ್ ಮೈಲ್ಸ್ ಮಾಡಿದ ಕೆಲಸ. ಅವರ ದೃಷ್ಟಿ ಹೀಗಿತ್ತು: ಜನ ಕೊಳ್ಳುವುದು ವಸ್ತುವನ್ನಲ್ಲ, ಅದು ಮಾಡುವ ಕೆಲಸವನ್ನು. ಹಾಗಾಗಿ ಭಾಗದ ಹೆಸರು ಬಿಟ್ಟು ಅದು ಮಾಡುವ ಕೆಲಸವನ್ನು ಎರಡು ಪದದಲ್ಲಿ ಬರೆಯಬೇಕು. ಹೀಟರ್ ಅನ್ನುವ ಬದಲು ನೀರು ಕಾಯಿಸು, ಹಿಡಿ ಅನ್ನುವ ಬದಲು ಕೈ ಕಾಪಾಡು. ಹಾಗೆ ಬರೆದಾಗ ಆ ಕೆಲಸಕ್ಕೆ ಬೇರೆ ದಾರಿ ಇದೆಯಾ ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ.

ಗ್ರಾಹಕರ ದೃಷ್ಟಿಯಲ್ಲಿ ಕೆಟಲ್ ಮಾಡುವ ಕೆಲಸಗಳನ್ನು ಬರೆದು, 100 ಅಂಕವನ್ನು ಅವುಗಳ ನಡುವೆ ಹಂಚಿ. ಎರಡೆರಡು ಕೆಲಸಗಳನ್ನು ಮುಂದಿಟ್ಟು ಇವುಗಳಲ್ಲಿ ಯಾವುದು ನಿಮಗೆ ಮುಖ್ಯ ಅಂತ ಕೇಳುತ್ತಾ ಹೋದರೆ ಹಂಚಿಕೆ ಗಟ್ಟಿಯಾಗುತ್ತದೆ. ಆಮೇಲೆ ಪ್ರತಿ ಕೆಲಸದ ಅಂಕವನ್ನು, ಅದನ್ನು ಮಾಡುವ ಭಾಗಗಳಿಗೆ ಹಂಚಬೇಕು. ಉದಾಹರಣೆಗೆ ಬೇಗ ಕಾಯಬೇಕು ಅನ್ನುವುದಕ್ಕೆ 25 ಅಂಕ ಬಂತು. ಇದರಲ್ಲಿ 70 ಶೇಕಡಾ ಹೀಟರಿನ ಕೆಲಸ, 20 ಬಾಡಿಯದು, 10 ಕಂಟ್ರೋಲಿನದು ಅಂತ ಎಂಜಿನಿಯರುಗಳು ಒಪ್ಪಿದರೆ, ಹೀಟರಿಗೆ 17.5 ಅಂಕ ಹೋಯಿತು. ಬಾಳಿಕೆ ಬರಬೇಕು ಅನ್ನುವ ಕೆಲಸದಿಂದ ಇನ್ನೊಂದು 4.5 ಸೇರಿ ಹೀಟರಿಗೆ ಒಟ್ಟು 22.

ಹೀಗೆ ಏಳೂ ಭಾಗಗಳಿಗೆ ಮಾಡಿ, ಪಕ್ಕದಲ್ಲಿ ಖರ್ಚಿನ ಪಾಲನ್ನು ಬರೆಯಿರಿ. ಜೋಡಣೆ ಮತ್ತು ಅಚ್ಚು ಯಾವ ಒಂದು ಭಾಗಕ್ಕೂ ಸೇರಿದ್ದಲ್ಲ, ಹಾಗಾಗಿ ಅವನ್ನು ಬಿಟ್ಟು ಉಳಿದ 420ರಲ್ಲಿ ಪಾಲು ನೋಡಿ.

| ಭಾಗ | ಮಹತ್ವ (ಶೇ.) | ಖರ್ಚಿನ ಪಾಲು (ಶೇ.) |
|---|---|---|
| ಬಾಡಿ ಮತ್ತು ಹಿಡಿ | 24 | 28.6 |
| ಹೀಟರ್ | 22 | 17.9 |
| ಕಂಟ್ರೋಲ್ | 22 | 14.3 |
| ಬೇಸ್ | 10 | 15.5 |
| ವೈರ್, ಪ್ಲಗ್ | 5 | 8.3 |
| ಮುಚ್ಚಳ | 15 | 9.5 |
| ಪ್ಯಾಕಿಂಗ್ | 2 | 6.0 |

ಮಹತ್ವವನ್ನು ಖರ್ಚಿನ ಪಾಲಿನಿಂದ ಭಾಗಿಸಿದರೆ ಮೌಲ್ಯ ಸೂಚಿ ಸಿಗುತ್ತದೆ. ಬೇಸ್‌ಗೆ ಅದು ಸುಮಾರು 0.65. ಅಂದರೆ ಗ್ರಾಹಕ ಅದಕ್ಕೆ ಕೊಡುವ ಬೆಲೆಗಿಂತ ನಾವು ಜಾಸ್ತಿ ಸುರಿಯುತ್ತಿದ್ದೇವೆ. ಮುಚ್ಚಳಕ್ಕೆ ಸುಮಾರು 1.6. ಅಂದರೆ ಅಲ್ಲಿ ನಾವು ಜಿಪುಣರಾಗಿದ್ದೇವೆ. ಹುಡುಕಾಟ ಬೇಸ್, ಪ್ಯಾಕಿಂಗ್, ವೈರ್ ಮತ್ತು ಮೊತ್ತ ದೊಡ್ಡದಾಗಿರುವ ಬಾಡಿಯಿಂದ ಶುರುವಾಗಬೇಕು.

ಈ ಸೂಚಿಗೆ ಒಂದು ಮಿತಿ ಇದೆ, ಅದು ಗಂಭೀರವಾದದ್ದು. ಸುರಕ್ಷತೆಯನ್ನು ಜನ ಇದ್ದೇ ಇರುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗಿ ಕೇಳಿದಾಗ ಅದಕ್ಕೆ ಕಡಿಮೆ ಅಂಕ ಕೊಡಬಹುದು. ನೀರಿಲ್ಲದೆ ಆನ್ ಮಾಡಿದರೆ ಕೆಟಲ್ ತಾನಾಗಿ ಕಡಿತವಾಗಬೇಕು ಅನ್ನುವುದು ಸಮೀಕ್ಷೆಯಿಂದ ನಿರ್ಧಾರ ಮಾಡುವ ವಿಷಯವೇ ಅಲ್ಲ. ದ್ರವ ಬಿಸಿ ಮಾಡುವ ಉಪಕರಣಗಳಿಗೆ ಐಇಸಿ 60335-2-15 ಅನ್ನುವ ಸುರಕ್ಷತಾ ಮಾನದಂಡ ಇದೆ. ಅದು ಕೇಳುವುದನ್ನೆಲ್ಲ ಮೊದಲೇ ಪಟ್ಟಿ ಮಾಡಿ, ಇವು ಮುಟ್ಟಬಾರದವು ಅಂತ ಗುರುತು ಹಾಕಿ. ಆಮೇಲೆ ಉಳಿದದ್ದರ ಮೇಲೆ ಚರ್ಚೆ.

ಹಂತ 5: ಅಂತರ ಮುಚ್ಚುವುದು

ಈಗ ವಿನ್ಯಾಸ, ಖರೀದಿ, ಉತ್ಪಾದನೆ, ಮಾರಾಟ ನಾಲ್ಕೂ ಕಡೆಯವರು ಒಂದೇ ಮೇಜಿನ ಸುತ್ತ ಕೂರಬೇಕು. ಪ್ರತಿಸ್ಪರ್ಧಿಯ ಕೆಟಲನ್ನೂ ನಮ್ಮ ಹಳೆಯ ಕೆಟಲನ್ನೂ ಬಿಚ್ಚಿ, ಒಂದೊಂದು ಭಾಗವನ್ನೂ ತೂಕ ಮಾಡಿ ಮೇಜಿನ ಮೇಲೆ ಹರಡಿ. ಕಣ್ಣಿಗೆ ಕಾಣುವುದು ಎಷ್ಟೋ ಕೋಷ್ಟಕಗಳಿಗಿಂತ ಬೇಗ ಅರ್ಥವಾಗುತ್ತದೆ.

ಬಿಚ್ಚಿದಾಗ ಮೊದಲು ಕಂಡದ್ದು ಬೇಸ್. ನಮ್ಮ ಹಳೆಯ ವಿನ್ಯಾಸದಲ್ಲಿ ಕಂಟ್ರೋಲ್ ಒಬ್ಬ ಸಪ್ಲೈಯರಿನದು, ಬೇಸಿನ ಕನೆಕ್ಟರ್ ಇನ್ನೊಬ್ಬರದು. ಎರಡನ್ನೂ ಹೊಂದಿಸಲು ನಡುವೆ ನಾವೇ ಒಂದು ವಿಶೇಷ ತುಂಡು ಮಾಡಿಸುತ್ತಿದ್ದೆವು. ಕಂಟ್ರೋಲಿನ ಸಪ್ಲೈಯರಿಗೆ ನಕ್ಷೆ ಕಳಿಸಿ ದರ ಕೇಳುವ ಬದಲು, ನಮಗೆ ಬೇಕಾದ ಕೆಲಸ ಇಷ್ಟು, ಗುರಿ ಇಷ್ಟು, ನೀವು ಹೇಗೆ ಮಾಡುತ್ತೀರಿ ಅಂತ ಕೇಳಿದೆವು. ಎರಡೂ ಸೇರಿದ ಒಂದು ಸೆಟ್ ಅವರಲ್ಲಿ ಆಗಲೇ ತಯಾರಾಗುತ್ತಿತ್ತು. ಅದು ಕೂರುವಂತೆ ನಮ್ಮ ಬಾಡಿಯ ತಳವನ್ನು ಸ್ವಲ್ಪ ಬದಲಿಸಿದರೆ ಸಾಕು. ಕಂಟ್ರೋಲ್ 60ರಿಂದ 52, ಬೇಸ್ 65ರಿಂದ 40. ಒಂದೇ ಮಾತುಕತೆಯಲ್ಲಿ 33 ಸಿಕ್ಕಿತು. ಸಪ್ಲೈಯರ್ ತನ್ನ ಲಾಭ ಬಿಟ್ಟುಕೊಡಲಿಲ್ಲ, ಬೇಡದ ಕೆಲಸವನ್ನು ಬಿಟ್ಟರು. ಈ ಎರಡರ ವ್ಯತ್ಯಾಸ ದೊಡ್ಡದು. ದರಕ್ಕಾಗಿ ಹಿಂಡಿದರೆ ಮುಂದಿನ ವರ್ಷ ಅದು ಬೇರೆ ರೂಪದಲ್ಲಿ ವಾಪಸ್ ಬರುತ್ತದೆ. ಬೇಡದ ಕೆಲಸ ತೆಗೆದರೆ ಅದು ಹೋದದ್ದು ಹೋದದ್ದೇ.

ಬಾಡಿಯಲ್ಲಿ ಕೊಕ್ಕನ್ನು ಬೇರೆಯಾಗಿ ಮಾಡಿ ವೆಲ್ಡ್ ಮಾಡುತ್ತಿದ್ದರು. ಅದನ್ನು ಬಾಡಿಯ ಹಾಳೆಯಲ್ಲೇ ಒತ್ತಿ ರೂಪಿಸಿದರೆ ವೆಲ್ಡಿಂಗೂ ಇಲ್ಲ, ಅದರ ಉಜ್ಜುವಿಕೆಯೂ ಇಲ್ಲ. ಕನ್ನಡಿಯಂಥ ಪಾಲಿಶ್ ಬದಲು ಬ್ರಶ್ ಫಿನಿಶ್. ಕನ್ನಡಿ ಪಾಲಿಶಿಗೆ ಕೈಕೆಲಸ ಜಾಸ್ತಿ, ಬೆರಳಚ್ಚು ಗೀರು ಎಲ್ಲ ಎದ್ದು ಕಾಣುತ್ತದೆ. ಜನರಿಗೆ ಎರಡನ್ನೂ ತೋರಿಸಿದಾಗ ಬ್ರಶ್ ಫಿನಿಶ್ ಸೋಲಲಿಲ್ಲ. ಹಾಳೆಯ ದಪ್ಪ 0.6 ಮಿಲಿಮೀಟರಿನಿಂದ 0.5ಕ್ಕೆ ಇಳಿಯಿತು, ಬೀಳಿಸಿ ನೋಡುವ ಪರೀಕ್ಷೆ ಪಾಸಾದ ಮೇಲೆ ಮಾತ್ರ. ಬಾಡಿ 120ರಿಂದ 94. ಆದರೆ ಹೊಸ ಅಚ್ಚಿನಿಂದ ಅಚ್ಚಿನ ಪಾಲು 40ರಿಂದ 44ಕ್ಕೆ ಏರಿತು. ಇದನ್ನು ಅದೇ ದಿನ ಅದೇ ಹಾಳೆಯಲ್ಲಿ ಬರೆಯಬೇಕು. ಉಳಿತಾಯವನ್ನು ಮಾತ್ರ ಬರೆದು ಏರಿದ್ದನ್ನು ಮರೆತರೆ ಲೆಕ್ಕ ಸುಳ್ಳಾಗುತ್ತದೆ.

ಹೀಟರಿನ ಶಕ್ತಿಯ ಬಗ್ಗೆ ವಾದ ನಡೆಯಿತು. ಪ್ರತಿಸ್ಪರ್ಧಿಯ ಪೆಟ್ಟಿಗೆಯ ಮೇಲೆ 2200 ವ್ಯಾಟ್ ಅಂತ ಇದೆ, ನಮಗೂ ಅಷ್ಟು ಬೇಕು ಅಂತ ಮಾರಾಟದವರು. ಲೆಕ್ಕ ಹಾಕಿ ನೋಡಿ. 1.5 ಲೀಟರ್ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 502 ಕಿಲೋಜೂಲ್ ಬೇಕು. 2200 ವ್ಯಾಟಿನಲ್ಲಿ ಅದಕ್ಕೆ 3 ನಿಮಿಷ 48 ಸೆಕೆಂಡ್, 1800 ವ್ಯಾಟಿನಲ್ಲಿ 4 ನಿಮಿಷ 39 ಸೆಕೆಂಡ್, ಸೋರಿಹೋಗುವ ಶಾಖವನ್ನು ಬಿಟ್ಟು. ವ್ಯತ್ಯಾಸ ಒಂದು ನಿಮಿಷಕ್ಕಿಂತ ಕಡಿಮೆ, ಅದೂ ಕೆಟಲ್ ತುಂಬಿದ್ದಾಗ. ಜನ ಹೆಚ್ಚಾಗಿ ತುಂಬ ನೀರು ಹಾಕುವುದಿಲ್ಲ ಅಂತ ಸಮೀಕ್ಷೆ ಹೇಳಿತ್ತು. 1800 ಸಾಕು ಅಂತ ತೀರ್ಮಾನ ಆಯಿತು. ಉಳಿದದ್ದು 4 ಮಾತ್ರ, ಹೀಟರ್ 71. ಮೊತ್ತ ಚಿಕ್ಕದು. ಆದರೆ ಪೆಟ್ಟಿಗೆ ಮೇಲಿನ ಸಂಖ್ಯೆಯನ್ನು ಬಿಟ್ಟು ಗ್ರಾಹಕನ ನಿಮಿಷವನ್ನು ನೋಡುವ ಅಭ್ಯಾಸ ತಂಡಕ್ಕೆ ಬಂದದ್ದು ಇಲ್ಲಿ.

ಉಳಿದವು ಬೇಗ ಮುಗಿದವು. ಜೋಡಣೆಯಲ್ಲಿ 11 ಸ್ಕ್ರೂಗಳಿದ್ದದ್ದು 4 ಆಯಿತು, ಬಾಕಿ ಕಡೆ ಒತ್ತಿದರೆ ಕೂರುವ ಕೊಂಡಿಗಳು. ಬಣ್ಣಗಳು 5ರಿಂದ 2ಕ್ಕೆ ಇಳಿದವು. ಜೋಡಣೆ 28. ವೈರನ್ನು ಸ್ವಲ್ಪ ಗಿಡ್ಡ ಮಾಡಿ 29. ಪೆಟ್ಟಿಗೆಯನ್ನು ಚಿಕ್ಕದು ಮಾಡಿ, ಒಂದೇ ಬಣ್ಣದ ಮುದ್ರಣಕ್ಕೆ ಬಂದು 17. ಮುಚ್ಚಳಕ್ಕೆ ಮಾತ್ರ ಹಣ ಜಾಸ್ತಿ ಹಾಕಿದೆವು: ತೆರೆಯುವ ಕೀಲು ಸಡಿಲವಾಗದಂತೆ ಗಟ್ಟಿ ಮಾಡಲು 40ರಿಂದ 44. ಖರ್ಚು ಇಳಿಸಲು ಕೂತ ಸಭೆಯಲ್ಲಿ ಒಂದು ಭಾಗದ ಖರ್ಚು ಏರಿಸುವ ಧೈರ್ಯ ಬರುವುದು ಹಂತ 4ರ ಕೋಷ್ಟಕ ಕೈಯಲ್ಲಿದ್ದರೆ ಮಾತ್ರ.

ಎಲ್ಲ ಕೂಡಿಸಿದರೆ 419.

ಹಂತ 6: ಕೊನೆಯ 19

ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸ ಗೆಲ್ಲುವುದೋ ಸೋಲುವುದೋ ತಿಳಿಯುವುದು ಇಲ್ಲೇ. 100ರಲ್ಲಿ 81 ಇಳಿಸಿದ್ದೇವೆ, ಎಲ್ಲರಿಗೂ ಸುಸ್ತಾಗಿದೆ, ಬಿಡುಗಡೆಯ ದಿನ ಹತ್ತಿರ ಬರುತ್ತಿದೆ. ಉತ್ಪಾದನೆ ಶುರುವಾದ ಮೇಲೆ ಹೇಗಾದರೂ ಇಳಿಯುತ್ತದೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಟಾರ್ಗೆಟ್ ಕಾಸ್ಟಿಂಗಿನ ಮುಖ್ಯ ನಿಯಮ ಇದಕ್ಕೆ ವಿರುದ್ಧ: ಗುರಿ ವೆಚ್ಚ ಮುಟ್ಟದ ಉತ್ಪನ್ನವನ್ನು ಬಿಡುಗಡೆ ಮಾಡಬಾರದು. ಒಂದು ಸಲ ಸುಮ್ನೆ ಬಿಟ್ಟುಕೊಟ್ಟರೆ ಮುಂದಿನ ಉತ್ಪನ್ನದಲ್ಲಿ ಯಾರೂ ಗುರಿಯನ್ನು ಗುರಿ ಅಂತ ನೋಡುವುದಿಲ್ಲ.

ಹಾಗಾದರೆ ಮಾಡುವುದೇನು? ಮೊದಲು ಬೆಲೆಗೆ ಬಲ ಕೊಡದ ಅಲಂಕಾರಗಳನ್ನು ನೋಡಿ. ನೀರು ಕಾಯುವಾಗ ಒಳಗೆ ಬೆಳಗುವ ನೀಲಿ ದೀಪ ಇತ್ತು. ದೀಪ ಇರುವ, ಇಲ್ಲದ ಎರಡು ಮಾದರಿಗಳ ನಡುವೆ ಜನ ಜಾಸ್ತಿ ಹಣ ಕೊಡಲು ಒಪ್ಪಲಿಲ್ಲ. ತೆಗೆದರೆ 7 ಉಳಿಯಿತು. ಹಿಡಿಯ ಮೇಲಿನ ರಬ್ಬರ್ ಪದರದ ಬದಲು ಒರಟು ಮೇಲ್ಮೈಯ ಒಂದೇ ಪ್ಲಾಸ್ಟಿಕ್, 6. ಈಗ 406. ಹೀಟರಿನ ಸಪ್ಲೈಯರನ್ನು ಮತ್ತೆ ಕರೆದಾಗ ಅವರು ಒಂದು ಮಾತು ಹೇಳಿದರು: ಪ್ಲೇಟಿನ ಕೆಳಗಿನ ಮೈ ಯಾರಿಗೂ ಕಾಣುವುದಿಲ್ಲ, ಅದಕ್ಕೂ ಮೇಲ್ಮೈಯಷ್ಟೇ ನುಣುಪು ಬೇಕು ಅಂತ ನಿಮ್ಮ ನಕ್ಷೆ ಹೇಳುತ್ತದೆ. ಆ ಸಾಲನ್ನು ತಿದ್ದಿದಾಗ 3 ಉಳಿಯಿತು. ಈಗ 403.

ಕೊನೆಯ 3 ಬಂದದ್ದು ಕೆಟಲಿನ ಹೊರಗಿನಿಂದ. ಪೆಟ್ಟಿಗೆ ಚಿಕ್ಕದಾದ ಕಾರಣ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ 6ರ ಬದಲು 8 ಕೆಟಲ್ ಹಿಡಿದವು. ಸಾಗಣೆ ಮತ್ತಿತರ ಖರ್ಚಿನ 110 ಈಗ 107. 403 ಮತ್ತು 107 ಸೇರಿ 510. ಕಂಪನಿಗೆ ಬೇಕಾದ 90 ಹಾಗೇ ಉಳಿಯಿತು. ಆದರೆ ಇಂಥ ಉಳಿತಾಯವನ್ನು ಒಪ್ಪುವ ಮೊದಲು ಸಾಗಣೆದಾರರ ಹೊಸ ದರಪಟ್ಟಿ ಕೈಯಲ್ಲಿರಬೇಕು. ಕಾಗದದ ಮೇಲೆ ಬೇರೆ ವಿಭಾಗದ ಖರ್ಚು ಇಳಿಸಿ ತೋರಿಸುವುದು ತೀರಾ ಸುಲಭ.

ಇಷ್ಟಾದರೂ ಮುಟ್ಟದಿದ್ದರೆ ಮೂರೇ ದಾರಿ. ಜನ ಇನ್ನೂ ಜಾಸ್ತಿ ಕೊಡುವಂಥ ಗುಣವೊಂದನ್ನು ಸೇರಿಸಿ ಬೆಲೆಯನ್ನೇ ಮತ್ತೆ ಪರೀಕ್ಷಿಸುವುದು. ಅಥವಾ ಇಂತಿಷ್ಟು ತಿಂಗಳಲ್ಲಿ, ಇಂಥ ಬದಲಾವಣೆಯಿಂದ, ಇಂಥವರ ಹೊಣೆಯಲ್ಲಿ ಈ ಅಂತರ ಮುಚ್ಚುತ್ತದೆ ಅಂತ ಲಿಖಿತ ಯೋಜನೆಯೊಂದಿಗೆ ಕಂಪನಿಯ ಮುಖ್ಯಸ್ಥರೇ ವಿನಾಯಿತಿ ಕೊಡುವುದು. ಅಥವಾ ನಿಲ್ಲಿಸುವುದು. ನಕ್ಷೆಯ ಹಂತದಲ್ಲಿ ನಿಂತ ಉತ್ಪನ್ನದ ನಷ್ಟ, ಅಚ್ಚು ಮಾಡಿಸಿ ನಿಂತ ಉತ್ಪನ್ನದ ನಷ್ಟಕ್ಕಿಂತ ತುಂಬ ಕಡಿಮೆ.

ಹಂತ 7: ಲೆಕ್ಕ ನಿಜವಾಯಿತಾ ಅಂತ ನೋಡುವುದು

ಪ್ರಾಯೋಗಿಕ ಉತ್ಪಾದನೆ ಮುಗಿದ ಕೂಡಲೇ ಪ್ರತಿ ಭಾಗದ ಗುರಿ ಮತ್ತು ನಿಜವಾದ ಖರ್ಚನ್ನು ಪಕ್ಕಪಕ್ಕ ಇಡಿ. ಒಟ್ಟು ಮೊತ್ತ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಒಂದು ಕಡೆ ಏರಿದ್ದು ಇನ್ನೊಂದು ಕಡೆ ಅಕಸ್ಮಾತ್ ಇಳಿದದ್ದರ ಹಿಂದೆ ಅಡಗಿರಬಹುದು.

ಎರಡು ಸಾಲುಗಳ ಮೇಲೆ ನನಗೆ ಯಾವಾಗಲೂ ಅನುಮಾನ. ಒಂದು ಜೋಡಣೆ. 7 ಸ್ಕ್ರೂ ಕಡಿಮೆಯಾದವು, ಸಮಯ ಉಳಿಯಿತು, ಸರಿ. ಆದರೆ ಲೈನಿನಲ್ಲಿ ಮೊದಲಿನಷ್ಟೇ ಜನ, ಅಷ್ಟೇ ಕೆಟಲ್ ಅಂತಿದ್ದರೆ ಉಳಿದದ್ದು ಸಮಯ ಮಾತ್ರ, ಹಣ ಅಲ್ಲ. ಅದೇ ಪಾಳಿಯಲ್ಲಿ ಜಾಸ್ತಿ ಕೆಟಲ್ ಹೊರಬಂದು ಮಾರಾಟವಾದರೆ, ಅಥವಾ ಆ ಜನ ಬೇರೆ ಲೈನಿನಲ್ಲಿ ಬೇಕಾದ ಕೆಲಸಕ್ಕೆ ಹೋದರೆ ಮಾತ್ರ 12 ನಿಜವಾದ ಉಳಿತಾಯ. ಇನ್ನೊಂದು ವಾರಂಟಿ. ತೆಳುವಾದ ಹಾಳೆ, ಒತ್ತಿ ಕೂರಿಸುವ ಕೊಂಡಿಗಳ ಬೆಲೆ ತಿಂಗಳುಗಳ ನಂತರ ಗೊತ್ತಾಗುತ್ತದೆ. ವಾಪಸ್ ಬರುವ ಕೆಟಲ್‌ಗಳನ್ನು ಯಾವ ಭಾಗದಿಂದ ಬಂತು ಅಂತ ವಿಂಗಡಿಸಿ, ನಾವು ಬದಲಿಸಿದ ಭಾಗಗಳ ದೂರು ಹಳೆಯ ಮಾದರಿಗಿಂತ ಏರುತ್ತಿದೆಯಾ ನೋಡಿ. ಏರುತ್ತಿದ್ದರೆ ನಾವು ಖರ್ಚನ್ನು ಕಳೆಯಲಿಲ್ಲ, 403ರಿಂದ 107ಕ್ಕೆ ಸ್ಥಳ ಬದಲಿಸಿದೆವು ಅಷ್ಟೇ.

ಸಂಖ್ಯೆಯನ್ನೂ ಮರೆಯಬೇಡಿ. ಅಚ್ಚಿನ ಪಾಲು 44 ಅನ್ನುವುದು 1,00,000 ಕೆಟಲಿನ ಮೇಲೆ. 60,000 ಮಾತ್ರ ಮಾರಾಟವಾದರೆ ಅದೇ ಪಾಲು 73 ದಾಟುತ್ತದೆ. ತಿಂಗಳುಗಟ್ಟಲೆ ಹುಡುಕಿ ತೆಗೆದ ಉಳಿತಾಯದ ಮೂರನೇ ಒಂದಕ್ಕೆ ಹತ್ತಿರದ ಭಾಗ ಇದೊಂದರಲ್ಲೇ ಹೋಯಿತು. ಹಾಗಾಗಿ ದುಬಾರಿ ಅಚ್ಚು ಬೇಡುವ ಉಳಿತಾಯವನ್ನು ಒಪ್ಪುವಾಗ, ಎಷ್ಟು ಮಾರಾಟವಾದರೆ ಇದು ಸಮ ಆಗುತ್ತದೆ ಅಂತ ಬೇರೆಯಾಗಿ ಲೆಕ್ಕ ಹಾಕಿ. ಬಾಡಿಯ ಬದಲಾವಣೆಗಳಿಗೆ ಆ ಲೆಕ್ಕ ಸರಿಬಂತು: 1,00,000ಕ್ಕೆ ತಲಾ 4ರ ಹೊಸ ಅಚ್ಚಿನ ಎದುರು ಬಾಡಿಯಲ್ಲಿ ಒಟ್ಟು 26 ಉಳಿದಿದೆ, ಸುಮಾರು 15,400 ಕೆಟಲಿಗೇ ಅದರ ಹಣ ವಾಪಸ್.

ಕೊನೆಯದಾಗಿ, ಗುರಿಯನ್ನು ಯಾವಾಗ ಬದಲಿಸಬಹುದು ಅನ್ನುವ ಪ್ರಶ್ನೆ. ವಿನ್ಯಾಸ ನಡೆಯುತ್ತಿರುವಾಗಲೇ ಸ್ಟೀಲಿನ ದರ ಏರಿತು ಅಂದುಕೊಳ್ಳಿ. ಗುರಿಯನ್ನೂ ಏರಿಸೋಣ ಅಂತ ಖರೀದಿಯವರು ಕೇಳುತ್ತಾರೆ. ಉತ್ತರ ಅಂಗಡಿಯಲ್ಲಿದೆ. ಎಲ್ಲ ಪ್ರತಿಸ್ಪರ್ಧಿಗಳ ಬೆಲೆಯೂ ಏರಿ, 950 ಇದ್ದದ್ದು 980 ಆಗಿದ್ದರೆ, ಹಂತ 1ರಿಂದ ಲೆಕ್ಕ ಮತ್ತೆ ಮಾಡಿ, ಗುರಿ ತಾನಾಗಿ ಏರುತ್ತದೆ. ಅಲ್ಲಿ ಬೆಲೆ ಕದಲಿಲ್ಲ ಅಂದರೆ ಗುರಿಯೂ ಕದಲುವುದಿಲ್ಲ. ಸ್ಟೀಲಿಗೆ ಜಾಸ್ತಿ ಹೋದದ್ದನ್ನು ಕೆಟಲಿನ ಬೇರೆ ಕಡೆ ಹುಡುಕಬೇಕು. ಪ್ರತಿಸ್ಪರ್ಧಿ 950ರಿಂದ 900ಕ್ಕೆ ಇಳಿದರೂ ಇದೇ ಕ್ರಮ. ನಕ್ಷೆಗೆ ಒಪ್ಪಿಗೆ ಕೊಡುವಾಗ, ಅಚ್ಚಿಗೆ ಹಣ ಬಿಡುಗಡೆ ಮಾಡುವಾಗ, ಬಿಡುಗಡೆಗೆ ಮೊದಲು, ಹೀಗೆ ಮೂರು ಸಲವಾದರೂ ಯಾರಾದರೂ ಒಬ್ಬರು ಅಂಗಡಿಗೆ ಹೋಗಿ ಬೆಲೆ ಚೀಟಿ ನೋಡಿ ಬರಬೇಕು.